ಕಟ್ಟೆ ಇಷ್ಟೇ ಎತ್ತರಾನಾ?

ಮೈಸೂರಿನ ಅಂಚಿನ ಬಡಾವಣೆಯೊಂದರಲ್ಲಿ ಮನೆ ಏಳುತ್ತಿದೆ ಎಂದುಕೊಳ್ಳಿ. ಮಾಲೀಕರು ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಕೆಲಸ ವಹಿಸಿಕೊಂಡ ಎಂಜಿನಿಯರ್ ದಿನದ ಕೆಲಸ ಮುಗಿದ ಮೇಲೆ, ಸಂಜೆ ಆರರ ಹೊತ್ತಿಗೆ, ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಾರೆ. ಬೇಸಿಗೆಯಲ್ಲಾದರೆ ಆಗ ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಎಂಟೂವರೆ. ಮಾಲೀಕರು ಆಫೀಸಿಗೆ ಹೊರಟಿರುತ್ತಾರೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋಟೊ ತೆರೆದು ನೋಡಿ ಒಂದು ಸಾಲು ಬರೆಯುತ್ತಾರೆ. ಅದು ಮೈಸೂರಿಗೆ ಮುಟ್ಟುವಾಗ ರಾತ್ರಿ ಹತ್ತು ಗಂಟೆ.

ಆ ದಿನದ ಫೋಟೊದಲ್ಲಿ ಇದ್ದದ್ದು ಅಡುಗೆಮನೆಯ ಕಟ್ಟೆ. ಆಗಷ್ಟೇ ಸೆಂಟ್ರಿಂಗ್ ಬಿಚ್ಚಿದ ಸ್ಲ್ಯಾಬು, ಅದರ ಕೆಳಗೆ ಇಟ್ಟಿಗೆಯ ಗೋಡೆಗಳು. ಬಂದ ಸಾಲು ಇದು: "ಕಟ್ಟೆ ಇಷ್ಟೇ ಎತ್ತರಾನಾ?"

ದಿನವಿಡೀ ಬಿಸಿಲಲ್ಲಿ ನಿಂತು ಬಂದ ಎಂಜಿನಿಯರ್ ಇದನ್ನು ಹೇಗೆ ಓದುತ್ತಾರೆ? ಹತ್ತಕ್ಕೆ ಒಂಬತ್ತು ಮಂದಿ ಆಕ್ಷೇಪಣೆಯೆಂದೇ ಓದುತ್ತಾರೆ. 'ಇಷ್ಟೇ' ಎಂಬುದು ಕಣ್ಣಿಗೆ ಚುಚ್ಚುತ್ತದೆ. ಕೂಡಲೇ ಬೆರಳು ಓಡುತ್ತದೆ: "ಸರ್, ಡ್ರಾಯಿಂಗ್ ಪ್ರಕಾರವೇ ಮಾಡಿದ್ದೇವೆ. ಡ್ರಾಯಿಂಗ್ ಓಕೆ ಮಾಡಿದ್ದು ನೀವೇ." ಇನ್ನೂ ಮೆತ್ತಗಿನ ಮನುಷ್ಯನಾದರೆ ಬೇರೆ ಥರದ ತಪ್ಪು ಮಾಡುತ್ತಾನೆ: "ಸಾರಿ ಸರ್, ನಾಳೆನೇ ಒಡೆಸಿ ಎತ್ತರ ಮಾಡಿಸ್ತೀನಿ." ಮೊದಲ ಉತ್ತರದಲ್ಲಿ ಜಗಳಕ್ಕೆ ಬೀಜ ಬಿತ್ತು. ಎರಡನೆಯದರಲ್ಲಿ ಮರುದಿನ ಬೆಳಿಗ್ಗೆ ಗಾರೆಯವರ ಕೈಗೆ ಸುತ್ತಿಗೆ ಬಂತು. ಮಾಲೀಕರು ಕೇಳಿದ್ದೇನು ಎಂಬುದು ಮಾತ್ರ ಎರಡರಲ್ಲೂ ಗೊತ್ತಾಗಲಿಲ್ಲ.

ಆ ಸಾಲಿನ ಹಿಂದೆ ಏನೇನು ಇರಬಹುದು ಎಂದು ಸ್ವಲ್ಪ ನೋಡೋಣ. ಒಂದು, ಕಟ್ಟೆ ತಗ್ಗಾಯಿತು ಎಂಬ ದೂರು. ಅಮೆರಿಕದ ಅಡುಗೆಮನೆಗಳಲ್ಲಿ ಕಟ್ಟೆಯ ರೂಢಿಯ ಎತ್ತರ 36 ಇಂಚು. ಅದಕ್ಕೆ ಒಗ್ಗಿದವರಿಗೆ ನಮ್ಮ ಕಡೆಯ 32, 33 ಇಂಚಿನ ಕಟ್ಟೆ ಕುಳ್ಳಾಗಿ ಕಾಣುತ್ತದೆ. ಎರಡು, ಇದಕ್ಕೆ ತೀರ ಉಲ್ಟಾ: ಕಟ್ಟೆ ಎತ್ತರವಾಯಿತು ಎಂಬ ಆತಂಕ. ಆ ಮನೆಯಲ್ಲಿ ಅಡುಗೆ ಮಾಡುವವರು ಐದಡಿಗಿಂತ ಕುಳ್ಳಗಿರುವ ತಾಯಿಯಾಗಿರಬಹುದು. ಹಾಗಿದ್ದರೆ 'ಇಷ್ಟೇ ಎತ್ತರಾನಾ' ಎಂದರೆ 'ಕೊನೆಗೂ ಇದೇ ಎತ್ತರ ಉಳಿಯುತ್ತಾ, ಇಳಿಯುತ್ತಾ' ಎಂದು. ಮೂರು, ದೂರೂ ಇಲ್ಲ, ಆತಂಕವೂ ಇಲ್ಲ, ಅಳತೆ ಬೇಕಾಗಿದೆ ಅಷ್ಟೇ. ಅಲ್ಲಿ ಕೂತು ಪಾತ್ರೆ ತೊಳೆಯುವ ಯಂತ್ರವನ್ನೋ ಒಲೆಯನ್ನೋ ಆರಿಸುತ್ತಿದ್ದಾರೆ, ಅದು ಕೂರುತ್ತದೋ ಇಲ್ಲವೋ ಎಂದು ತಿಳಿಯಬೇಕಾಗಿದೆ.

ಬಾಯಲ್ಲಿ ಆಡಿದ್ದರೆ ಈ ಮೂರೂ ಬೇರೆಬೇರೆಯಾಗಿ ಕೇಳುತ್ತಿದ್ದವು. ದೂರಿನಲ್ಲಿ 'ಇಷ್ಟೇ'ಯನ್ನು ಎಳೆಯುತ್ತೇವೆ. ಬರಿಯ ಅಳತೆ ಕೇಳುವಾಗ ಆ ಎಳೆತವಿಲ್ಲದೆ ಮಾತು ಸರ್ರನೆ ಹೋಗುತ್ತದೆ, ಕೊನೆಯ 'ನಾ' ಮಾತ್ರ ಮೇಲೇರುತ್ತದೆ. ಬರವಣಿಗೆಯಲ್ಲಿ ಮೂರಕ್ಕೂ ಅವೇ ಅಕ್ಷರಗಳು.

ಇನ್ನೊಂದು ತೊಡಕು ಫೋಟೊದಲ್ಲೇ ಇದೆ. ಕಟ್ಟೆಯ ಸ್ಲ್ಯಾಬು ಬಿದ್ದಾಗ ನೆಲಕ್ಕೆ ಇನ್ನೂ ಟೈಲ್ಸ್ ಹಾಕಿರುವುದಿಲ್ಲ. ಈಗ ಒರಟು ನೆಲದಿಂದ ಸ್ಲ್ಯಾಬಿನ ತಲೆಯವರೆಗೆ 35 ಇಂಚು ಇದೆ ಎಂದುಕೊಳ್ಳೋಣ. ಮುಂದೆ ನೆಲಕ್ಕೆ ಗಾರೆ ಹಾಸಿ ಟೈಲ್ಸ್ ಕೂರಿಸಿದರೆ ನೆಲ ಎರಡೂವರೆ ಇಂಚು ಮೇಲೆ ಬರುತ್ತದೆ, ಕಟ್ಟೆ 32 ಮತ್ತು ಅರ್ಧಕ್ಕೆ ಇಳಿಯುತ್ತದೆ. ಕಟ್ಟೆಯ ಮೇಲೆ ಗ್ರಾನೈಟ್, ಅದರಡಿಯ ಗಾರೆ ಸೇರಿ ಒಂದೂಕಾಲು ಇಂಚು ಏರುತ್ತದೆ. ಕೊನೆಗೆ ಕೈಗೆ ಸಿಗುವ ಎತ್ತರ 33 ಮುಕ್ಕಾಲು ಇಂಚು. ಇಷ್ಟು ಲೆಕ್ಕ ಎಂಜಿನಿಯರಿಗೆ ಉಸಿರಾಡಿದಷ್ಟು ಸಲೀಸು. ಎಂಟು ಸಾವಿರ ಮೈಲಿಗೂ ಹೆಚ್ಚು ದೂರದಲ್ಲಿ ಕೂತು ಫೋನಿನ ಪರದೆಯಲ್ಲಿ ಸಿಮೆಂಟಿನ ಆಕಾರವೊಂದನ್ನು ನೋಡುತ್ತಿರುವವರಿಗೆ ಇದು ಯಾವುದೂ ಕಾಣುವುದಿಲ್ಲ. ಅವರು ಕೇಳುವುದು ಸಹಜ. ಅವರ ಅರ್ಧಮರ್ಧ ಚಿತ್ರದಿಂದ ಹುಟ್ಟಿದ ಪ್ರಶ್ನೆಯನ್ನು ಇವರು ತಮ್ಮ ಪೂರ್ತಿ ಚಿತ್ರ ಇಟ್ಟುಕೊಂಡು ಓದುತ್ತಾರೆ. ಗೊತ್ತಿದ್ದೂ ಕೇಳುತ್ತಿದ್ದಾರೆ ಎಂದು ಅನಿಸುವುದು ಅದರಿಂದಲೇ.

ಹಾಗಾದರೆ ಆ ರಾತ್ರಿ ಹತ್ತು ಗಂಟೆಗೆ ಏನು ಬರೆಯಬೇಕು? ನನ್ನ ಉತ್ತರ ಇದು:

"ಸರ್, ಈಗ ಒರಟು ನೆಲದಿಂದ 35 ಇಂಚು ಇದೆ. ಟೈಲ್ಸ್, ಗ್ರಾನೈಟ್ ಎಲ್ಲ ಆದ ಮೇಲೆ 33 ಮುಕ್ಕಾಲು ನಿಲ್ಲುತ್ತೆ. ಎತ್ತರ ಹೆಚ್ಚು ಕಮ್ಮಿ ಆಗ್ಬೇಕು ಅಂತ ಕೇಳಿದ್ರಾ, ಅಥವಾ ಯಾವುದಾದ್ರೂ ಮೆಷಿನ್ ಕೂರಿಸೋಕೆ ಅಳತೆ ಬೇಕಿತ್ತಾ? ನಿಮ್ಮ ಉತ್ತರ ಬರೋವರೆಗೆ ಕಟ್ಟೆ ಮುಟ್ಟಲ್ಲ, ನಾಳೆ ಹಾಲ್ ಕೆಲಸ ನಡೆಯುತ್ತೆ."

ಬೆಳಿಗ್ಗೆ ಎದ್ದಾಗ ಉತ್ತರ ಬಂದಿರುತ್ತದೆ: "ಇಲ್ಲ ಇಲ್ಲ, ಎತ್ತರ ಸರಿಯಾಗಿದೆ. ಡಿಶ್‌ವಾಶರ್ ಕೆಳಗೆ ಹೋಗುತ್ತಾ ಅಂತ ನೋಡ್ತಿದ್ದೆ."

ಹೋಗುವುದಿಲ್ಲ. ಈ ಪ್ರಶ್ನೆಯಿಂದ ಹೊರಬಿದ್ದ ನಿಜವಾದ ಸಂಗತಿ ಅದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ದೊಡ್ಡ ಗಾತ್ರದ ಡಿಶ್‌ವಾಶರಿನ ಎತ್ತರ ಸುಮಾರು 85 ಸೆಂಟಿಮೀಟರ್, ಅಂದರೆ 33 ಇಂಚಿಗಿಂತ ತುಸು ಹೆಚ್ಚು. ಕಟ್ಟೆಯ ತಲೆ 33 ಮುಕ್ಕಾಲು ಇಂಚಿನಲ್ಲಿದ್ದರೂ, ಕೆಳಗಿನ ಜಾಗ ಅಷ್ಟಿರುವುದಿಲ್ಲ. ಸ್ಲ್ಯಾಬಿನ ದಪ್ಪ ಎರಡೂವರೆ ಇಂಚು. ಅದನ್ನೂ ಟೈಲ್ಸಿನ ಎರಡೂವರೆಯನ್ನೂ ಕಳೆದರೆ 35ರಲ್ಲಿ ಉಳಿಯುವುದು 30. ಮೇಲಿನ ಮುಚ್ಚಳ ಬಿಚ್ಚಿ ಕೂರಿಸಬಹುದಾದ ಮಾದರಿಗಳೂ ಇವೆ, ಅವಕ್ಕೂ ಸುಮಾರು 82 ಸೆಂಟಿಮೀಟರ್ ಬೇಕು. ಅದೂ 32 ಇಂಚು ದಾಟುತ್ತದೆ. ಈಗಲೇ ಗೊತ್ತಾದ್ದರಿಂದ ದಾರಿಯಿದೆ: ಯಂತ್ರವನ್ನು ಯುಟಿಲಿಟಿಯಲ್ಲಿ, ಮೇಲೆ ಸ್ಲ್ಯಾಬಿಲ್ಲದ ಕಡೆ ಇಡುವುದು, ಅಲ್ಲಿಗೆ ನೀರಿನ ಒಂದು ನಲ್ಲಿ, ಹೊರಹೋಗುವ ಪೈಪು, 16 ಆಂಪಿಯರಿನ ಪ್ಲಗ್ ಪಾಯಿಂಟು ಕೊಡುವುದು. ಗೋಡೆಗೆ ಪ್ಲಾಸ್ಟರ್ ಆಗುವ ಮೊದಲು ಇದು ಅರ್ಧ ದಿನದ ಕೆಲಸ. ಟೈಲ್ಸ್ ಅಂಟಿಸಿದ ಮೇಲೆ ಗೋಡೆ ಕೊರೆಯಬೇಕು.

'ಡ್ರಾಯಿಂಗ್ ಪ್ರಕಾರವೇ ಮಾಡಿದ್ದೇವೆ' ಎಂದು ಬರೆದಿದ್ದರೆ ಮಾಲೀಕರು ಮುಜುಗರಪಟ್ಟು ಸುಮ್ಮನಾಗುತ್ತಿದ್ದರು. ಡಿಶ್‌ವಾಶರಿನ ಮಾತು ಗೃಹಪ್ರವೇಶದ ವಾರ ಹೊರಬರುತ್ತಿತ್ತು.

ಈ ತಪ್ಪು ಓದು ಒಬ್ಬ ಎಂಜಿನಿಯರಿನ ಮುಂಗೋಪದ ವಿಷಯವಾಗಿದ್ದರೆ ಲೇಖನ ಬೇಕಿರಲಿಲ್ಲ. ಬರಹದಲ್ಲಿ ದನಿ ಎಷ್ಟರಮಟ್ಟಿಗೆ ಕಳೆದುಹೋಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳಿಗೆ ಕೆಲವು ಮಾತುಗಳನ್ನು ಕೊಟ್ಟರು. ಕೆಲವು ಮನಸಾರೆ ಹೇಳಿದವು, ಕೆಲವು ಕುಹಕದವು. ಒಂದು ಗುಂಪು ಅವನ್ನು ಇಮೇಲಿನಲ್ಲಿ ಕಳಿಸಬೇಕು, ಇನ್ನೊಂದು ಗುಂಪು ಬಾಯಲ್ಲಿ ಹೇಳಬೇಕು. ಎದುರಿನವರು ಯಾವುದು ಕುಹಕ, ಯಾವುದು ನಿಜ ಎಂದು ಗುರುತಿಸಬೇಕು. ಎರಡೂ ಗುಂಪಿನವರು ಎದುರಿನವರು ನೂರಕ್ಕೆ ಸುಮಾರು 78 ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ನಂಬಿದ್ದರು. ಬಾಯಲ್ಲಿ ಹೇಳಿದ್ದನ್ನು ಕೇಳಿದವರು ಅದರ ಹತ್ತಿರಕ್ಕೆ ಬಂದರು, ಸುಮಾರು 73. ಇಮೇಲ್ ಓದಿದವರದು ಸುಮಾರು 56. ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು.

ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 56 ಎಂಬ ಅಂಕಿಗಿಂತ ಓದುಗರ ಧೈರ್ಯ. ಇಮೇಲ್ ಓದಿದವರು ತಾವು ಸರಿಯಾಗಿಯೇ ಓದಿದ್ದೇವೆ ಎಂದು ಗಟ್ಟಿಯಾಗಿ ನಂಬಿದ್ದರು. ಬರೆದವರಿಗೆ ಬರೆಯುವಾಗ ತಮ್ಮ ದನಿ ಒಳಗೇ ಕೇಳಿಸುತ್ತಿರುತ್ತದೆ, ಅದು ಕಾಗದದ ಮೇಲೂ ಇಳಿದಿದೆ ಎಂದುಕೊಳ್ಳುತ್ತಾರೆ. ಓದುವವರು ಆ ಜಾಗಕ್ಕೆ ತಮ್ಮದೇ ದನಿಯೊಂದನ್ನು ತುಂಬಿ ಓದುತ್ತಾರೆ, ಅದು ಬರೆದವರದೇ ಎಂದು ನಂಬುತ್ತಾರೆ. ಇಬ್ಬರಿಗೂ ಅನುಮಾನವೇ ಬರುವುದಿಲ್ಲ. ಹಾಗಾಗಿ 'ಅನುಮಾನ ಬಂದಾಗ ಕೇಳಿ' ಎಂಬ ಬುದ್ಧಿವಾದದಿಂದ ಹೆಚ್ಚು ಉಪಯೋಗವಿಲ್ಲ. ಅನುಮಾನದ ಬದಲು ಬೇರೆ ಗುರುತು ಬೇಕು. ನನಗೆ ತೋಚುವ ಒಳ್ಳೆಯ ಗುರುತು ನಮ್ಮ ಮೈಯಲ್ಲೇ ಇದೆ: ಗಿರಾಕಿಯ ಒಂದು ಸಾಲು ಓದಿ ಕಿವಿ ಬಿಸಿಯಾಯಿತು ಅಥವಾ ಎದೆ ಧಸಕ್ಕೆಂದಿತು ಎಂದಾದರೆ, ಆ ಸಾಲಿನಲ್ಲಿ ಇಲ್ಲದ ಯಾವುದನ್ನೋ ನಾವು ತುಂಬಿದ್ದೇವೆಯೇ ಎಂದು ನೋಡಬೇಕಾದ ಹೊತ್ತು ಅದೇ. ಕೋಪ ನಿಜವಾಗಿ ಅಲ್ಲಿ ಇರಲೂಬಹುದು. ಆದರೆ 'ಇದೇ ಮಾತನ್ನು ನಗುತ್ತಾ ಹೇಳಿದ್ದರೂ ಇವೇ ಅಕ್ಷರ ಬರುತ್ತಿದ್ದವಾ' ಎಂದು ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ಸಾಕು. ಬರುತ್ತಿದ್ದವು ಎಂದಾದರೆ ಪ್ರಶ್ನೆ ಕೇಳಬೇಕು.

ಕ್ರಿಸ್ಟಿನ್ ಬೈರನ್ ಎಂಬ ಸಂಶೋಧಕಿ 2008ರ ಪ್ರಬಂಧವೊಂದರಲ್ಲಿ ಇಮೇಲಿನ ಈ ಗುಣವನ್ನು ಎರಡಾಗಿ ವಿವರಿಸಿದ್ದಾರೆ. ಬರೆದವರು ಸಂತೋಷದಿಂದ ಬರೆದದ್ದು ಓದುವವರಿಗೆ ಸಪ್ಪೆಯಾಗಿ ಕಾಣುತ್ತದೆ. ಬರೆದವರ ಸಣ್ಣ ಬೇಸರ ಓದುವವರಿಗೆ ದೊಡ್ಡ ಸಿಟ್ಟಾಗಿ ಕಾಣುತ್ತದೆ. ಗಿರಾಕಿ ಮತ್ತು ಕೆಲಸ ಮಾಡಿಕೊಡುವವರ ನಡುವೆ ಇದಕ್ಕೆ ಹಣದ ಭಯವೂ ಸೇರುತ್ತದೆ. ಬಾಕಿ ಬಿಲ್ಲು ಇರುವವನು ಪ್ರತಿಯೊಂದು ಚುಟುಕು ಸಾಲಿನಲ್ಲೂ ಹಣ ನಿಲ್ಲುವ ಸೂಚನೆಯನ್ನೇ ಕಾಣುತ್ತಾನೆ.

ಪ್ರಶ್ನೆ ಕೇಳುವ ಬಗೆಯಲ್ಲಿ ಕಸುಬು ಇರುವುದು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಷ್ಟೋ ಜನ ಪ್ರಶ್ನೆ ಕೇಳಿಯೇ ಕೆಲಸ ಕೆಡಿಸಿಕೊಳ್ಳುತ್ತಾರೆ. "ಏನ್ ಸರ್, ಅರ್ಥ ಆಗ್ಲಿಲ್ಲ" ಎಂದು ಬರೆದರೆ ಗಿರಾಕಿಗೆ ತಾನು ಸ್ಪಷ್ಟವಾಗಿಯೇ ಬರೆದಿದ್ದೇನೆ ಎಂಬ ನಂಬಿಕೆ ಇರುತ್ತದೆ, ಇವನು ಗಮನಕೊಟ್ಟು ಓದಲಿಲ್ಲ ಎಂದು ಅನಿಸುತ್ತದೆ. "ಬೇಜಾರಾಯ್ತಾ ಸರ್?" ಎಂದು ಕೇಳುವುದು ಇನ್ನೂ ಕಷ್ಟಕ್ಕೆ ಸಿಕ್ಕಿಸುತ್ತದೆ. ಬೇಜಾರಿಲ್ಲದವರಿಗೆ ತಮ್ಮ ಮಾತಿನಲ್ಲಿ ಏನೋ ಒರಟಿತ್ತು ಎಂಬ ಆರೋಪ ಕೇಳುತ್ತದೆ. ಬೇಜಾರಾದವರು ಸೌಜನ್ಯಕ್ಕೆ 'ಇಲ್ಲ ಇಲ್ಲ' ಎನ್ನುತ್ತಾರೆ, ಬೇಜಾರು ಒಳಗೇ ಉಳಿಯುತ್ತದೆ. ಗಿರಾಕಿಯ ಮನಸ್ಸಿನ ಬಗ್ಗೆ ಕೇಳಬಾರದು, ಕೆಲಸದ ಬಗ್ಗೆ ಕೇಳಬೇಕು. ಮನಸ್ಸಿನ ಸಂಗತಿ ಅದರಲ್ಲೇ ಹೊರಬರುತ್ತದೆ.

ಮೇಲಿನ ಉತ್ತರವನ್ನು ಇನ್ನೊಮ್ಮೆ ನೋಡಿ. ಮೊದಲು ಬಂದದ್ದು ಅಳತೆ. ಗಿರಾಕಿ ಯಾವ ಅರ್ಥದಲ್ಲಿ ಕೇಳಿದ್ದರೂ ಆ ಎರಡು ಅಂಕಿ ಅವರಿಗೆ ಉಪಯೋಗಕ್ಕೆ ಬರುತ್ತವೆ, ಪ್ರಶ್ನೆಗೆ ಪ್ರಶ್ನೆಯೇ ಉತ್ತರವಾಗಿ ಬಂತು ಎಂಬ ಕಿರಿಕಿರಿಯೂ ಇರುವುದಿಲ್ಲ. ಆಮೇಲೆ ಎರಡು ಅರ್ಥಗಳನ್ನು ಅಕ್ಕಪಕ್ಕ ಇಟ್ಟದ್ದು. ಇಲ್ಲಿ ಒಂದು ಸೂಕ್ಷ್ಮವಿದೆ. 'ತಗ್ಗಾಯ್ತು ಅಂತಿದ್ದೀರಾ' ಎಂದು ಬರೆಯುವ ಬದಲು 'ಹೆಚ್ಚು ಕಮ್ಮಿ ಆಗ್ಬೇಕು ಅಂತ ಕೇಳಿದ್ರಾ' ಎಂದು ಬರೆದದ್ದರಿಂದ ದೂರು ಇದ್ದವರಿಗೆ ದೂರು ಹೇಳಲು ಬಾಗಿಲು ತೆರೆಯಿತು, ಇಲ್ಲದವರ ಬಾಯಿಗೆ ದೂರನ್ನು ತುರುಕಿದಂತಾಗಲಿಲ್ಲ. ಜೊತೆಗೆ ತಗ್ಗು, ಎತ್ತರ ಎರಡೂ ದಿಕ್ಕಿನ ಆತಂಕ ಅದೇ ಮಾತಿನೊಳಗೆ ಬಂದವು. ಎರಡರಲ್ಲಿ ಒಂದನ್ನು ಒಂದೇ ಪದದಲ್ಲಿ ಆರಿಸುವಂತೆ ಪ್ರಶ್ನೆ ಇದ್ದರೆ, ಮೀಟಿಂಗಿನ ನಡುವೆಯೂ ಉತ್ತರ ಬರುತ್ತದೆ. ನಾಲ್ಕು ಪ್ರಶ್ನೆ ಕೇಳಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಸಿಗುತ್ತದೆ, ಇಲ್ಲವೇ ಒಂದಕ್ಕೂ ಸಿಗುವುದಿಲ್ಲ.

ಕೊನೆಯ ಸಾಲು, ಉತ್ತರ ಬರುವವರೆಗೆ ಯಾವ ಕೆಲಸ ನಿಲ್ಲುತ್ತದೆ, ಯಾವುದು ನಡೆಯುತ್ತದೆ ಎಂಬುದು. ಇದನ್ನು ಬಹಳ ಮಂದಿ ಮರೆಯುತ್ತಾರೆ. ಆ ಸಾಲಿಲ್ಲದಿದ್ದರೆ ಗಿರಾಕಿಗೆ ಪ್ರಶ್ನೆಯ ಅವಸರ ಗೊತ್ತಾಗುವುದಿಲ್ಲ, ವಾರಾಂತ್ಯಕ್ಕೆ ಉತ್ತರಿಸಿದರಾಯಿತು ಎಂದುಕೊಳ್ಳುತ್ತಾರೆ. ಇತ್ತ ಗಾರೆಯವರು ಕೂಲಿಗೆ ಬಂದು ಕಾಯುತ್ತಾರೆ. ಒಂಬತ್ತೂವರೆ ಗಂಟೆಯ ಅಂತರವಿರುವ ಎರಡು ಊರುಗಳ ನಡುವೆ ಒಂದು ಪ್ರಶ್ನೆ, ಒಂದು ಉತ್ತರ ಎಂದರೆ ಒಂದು ಇಡೀ ದಿನ. ಆ ಕಾರಣಕ್ಕೇ ಪ್ರಶ್ನೆ ಮೊದಲ ಸಲವೇ ಸರಿಯಾಗಿರಬೇಕು.

ಇದುವರೆಗೆ ಹೇಳಿದ್ದು ಕಟುವಾಗಿ ಕಾಣುವ ಮಾತಿನ ಬಗ್ಗೆ. ನನ್ನ ಮಟ್ಟಿಗೆ ಅದಕ್ಕಿಂತ ಅಪಾಯಕಾರಿ ಹಿತವಾಗಿ ಕಾಣುವ ಮಾತು, ಏಕೆಂದರೆ ಅಲ್ಲಿ ಕಿವಿ ಬಿಸಿಯಾಗುವುದೇ ಇಲ್ಲ. "ಆಯ್ತು ಬಿಡಿ" ಎಂಬ ನಮ್ಮ ಮಾತನ್ನೇ ತೆಗೆದುಕೊಳ್ಳಿ. ಎಂಜಿನಿಯರ್ ಬರೆಯುತ್ತಾರೆ: "ಸರ್, ನೀವು ಹೇಳಿದ ಟೈಲ್ಸ್ ಸ್ಟಾಕ್ ಇಲ್ಲ, ಅದೇ ಬಣ್ಣದ ಬೇರೆ ಕಂಪನಿದು ಹಾಕಿಸ್ಲಾ?" ಉತ್ತರ: "ಆಯ್ತು ಬಿಡಿ." ಇದು 'ಅದಕ್ಕೇನಂತೆ, ಹಾಕಿಸಿ' ಎಂಬ ನಿರಾಳದ ಮಾತೂ ಆಗಬಹುದು. 'ಇನ್ನೇನು ಮಾಡೋದು, ನನ್ನ ಮಾತು ಎಲ್ಲಿ ನಡೆಯುತ್ತೆ' ಎಂಬ ಸೋತ ಮಾತೂ ಆಗಬಹುದು. 'ಸದ್ಯಕ್ಕೆ ಅದನ್ನ ಬಿಡಿ, ಹಾಕಿಸಬೇಡಿ' ಎಂದೂ ಆಗಬಹುದು. ಮೂರರಲ್ಲಿ ಒಂದು ಒಪ್ಪಿಗೆ, ಒಂದು ನುಂಗಿಕೊಂಡ ಬೇಸರ, ಒಂದು ನಿರಾಕರಣೆ. ಕೆಲಸ ಮಾಡಿಸುವವರಿಗೆ ಅನುಕೂಲವಾದದ್ದು ಮೊದಲನೆಯದು, ಹಾಗಾಗಿ ಎಲ್ಲರೂ ಓದುವುದು ಮೊದಲನೆಯದನ್ನೇ. 'ನೋಡೋಣ' ಎಂಬುದೂ ಹೀಗೇ. ನಮ್ಮಲ್ಲಿ ಮುಖ ಮುರಿಯದೆ ಬೇಡವೆನ್ನಲು ಅದನ್ನೇ ಬಳಸುತ್ತೇವೆ, ನಿಜವಾಗಿಯೂ ಯೋಚಿಸಬೇಕಾದಾಗಲೂ ಅದನ್ನೇ ಬಳಸುತ್ತೇವೆ.

ಇಲ್ಲಿ ಕೇಳಬೇಕಾದ್ದು ಇಷ್ಟೇ: "ಸರಿ ಸರ್, ಹಾಗಾದ್ರೆ ಈ ಹೊಸ ಟೈಲ್ಸೇ ನಾಳೆ ಆರ್ಡರ್ ಮಾಡ್ತೀನಿ. ಮೊದಲಿನದೇ ಬೇಕು ಅಂದ್ರೆ ಎರಡು ವಾರ ಕಾಯಬಹುದು, ಅದಕ್ಕೂ ತೊಂದ್ರೆ ಇಲ್ಲ. ಯಾವುದು ಮಾಡ್ಲಿ?" ಎರಡು ವಾರ ಕಾಯುವ ದಾರಿಯೂ ಇದೆ ಎಂದು ಗೊತ್ತಾದಾಗ ಮಾತ್ರ ಬೇಸರ ನುಂಗಿಕೊಂಡವರು ಅದನ್ನು ಹೊರಗೆ ಹಾಕುತ್ತಾರೆ. ದಾರಿ ಒಂದೇ ಎಂದು ತೋರಿಸಿ ಅಭಿಪ್ರಾಯ ಕೇಳಿದರೆ ಮತ್ತೊಮ್ಮೆ 'ಆಯ್ತು ಬಿಡಿ' ಎಂದೇ ಬರುತ್ತದೆ.

ಹಿತವಾಗಿ ಕಂಡ ಉತ್ತರವೊಂದು ಕೋರ್ಟಿನವರೆಗೆ ಹೋದದ್ದು ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ. 2021ರ ಮಾರ್ಚಿನಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು ಅಗಸೆಬೀಜದ ಒಪ್ಪಂದಕ್ಕೆ ಸಹಿ ಮಾಡಿ, ಅದರ ಫೋಟೊ ತೆಗೆದು, ಒಪ್ಪಂದವನ್ನು ಖಚಿತಪಡಿಸಿ ಎಂಬ ಸಂದೇಶದೊಡನೆ ರೈತನೊಬ್ಬನ ಫೋನಿಗೆ ಕಳಿಸಿತು. ಬೆಲೆ ಬುಷೆಲ್ಲಿಗೆ 17 ಡಾಲರ್, ಮಾಲು ಕೊಡಬೇಕಾದ್ದು ನವೆಂಬರಿನಲ್ಲಿ. ರೈತ ಕಳಿಸಿದ್ದು ಹೆಬ್ಬೆರಳು ಎತ್ತಿದ ಒಂದು ಚಿಹ್ನೆ. ನವೆಂಬರ್ ಬರುವಷ್ಟರಲ್ಲಿ ಬೆಲೆ 41 ಡಾಲರಿಗೆ ಏರಿತ್ತು, ಮಾಲು ಬರಲಿಲ್ಲ. ಫೋಟೊ ತಲುಪಿದೆ, ಒಪ್ಪಂದವನ್ನು ಇನ್ನೂ ಓದಬೇಕು ಎಂಬ ಅರ್ಥದಲ್ಲಿ ಹೆಬ್ಬೆರಳು ಎತ್ತಿದ್ದೆ ಎಂಬುದು ರೈತನ ವಾದ. ಒಪ್ಪಿಕೊಂಡದ್ದಕ್ಕೆ ಅದೇ ಗುರುತು ಎಂಬುದು ಕಂಪನಿಯ ವಾದ. ಹಿಂದಿನ ಒಪ್ಪಂದಗಳಿಗೂ ಆತ ಹೀಗೆಯೇ ಚುಟುಕಾಗಿ ಹ್ಞೂಂಗುಟ್ಟಿ ಮಾಲು ಕೊಟ್ಟಿದ್ದನ್ನು ಗಮನಿಸಿದ ನ್ಯಾಯಾಲಯ 2023ರಲ್ಲಿ ಕಂಪನಿಯ ಪರ ನಿಂತು, 82 ಸಾವಿರಕ್ಕೂ ಹೆಚ್ಚು ಕೆನಡಾ ಡಾಲರ್ ಪರಿಹಾರ ಕೊಡಬೇಕೆಂದಿತು. ಮೇಲ್ಮನವಿ ನ್ಯಾಯಾಲಯವೂ 2024ರಲ್ಲಿ ಅದನ್ನೇ ಎತ್ತಿಹಿಡಿಯಿತು.

ಈ ತೀರ್ಪು ಕೆನಡಾದ್ದು, ಅಲ್ಲಿನ ಕಾನೂನಿನದು. ಇದರಿಂದ ನಾನು ತೆಗೆದುಕೊಳ್ಳುವುದು ಕಾನೂನನ್ನಲ್ಲ. ಕಂಪನಿ ಗೆದ್ದರೂ ವರ್ಷಗಟ್ಟಲೆ ಕೋರ್ಟಿಗೆ ಅಲೆಯಿತು, ಬೀಜವಂತೂ ಕೈಗೆ ಬರಲಿಲ್ಲ. ಆ ಚಿಹ್ನೆ ಬಂದ ದಿನವೇ 'ಒಪ್ಪಿಗೆ ಅಂತ ತಗೊಳ್ಳಲಾ, ಇಲ್ಲ ಓದಿ ಹೇಳ್ತೀರಾ' ಎಂದು ಒಂದು ಸಾಲು ಹೋಗಿದ್ದರೆ ಎರಡೂ ಕಡೆಯವರಿಗೆ ತಾವು ಎಲ್ಲಿ ನಿಂತಿದ್ದೇವೆ ಎಂಬುದು ಮಾರ್ಚಿನಲ್ಲೇ ಗೊತ್ತಾಗುತ್ತಿತ್ತು. ಮನೆ ಕಟ್ಟುವಲ್ಲಿ 'ಎಕ್ಸ್‌ಟ್ರಾ' ಕೆಲಸಗಳ ಜಗಳವೆಲ್ಲ ಇದೇ ಜಾತಿಯದು. ಎಸ್ಟಿಮೇಟಿನಲ್ಲಿ ಇಲ್ಲದ ಅಟ್ಟ, ಹೆಚ್ಚುವರಿ ಕಬೋರ್ಡು, ಕಾಂಪೌಂಡಿನ ಮೇಲಿನ ಗ್ರಿಲ್ಲು. ಖರ್ಚು ಬರೆದು ಕಳಿಸಿದಾಗ ಗಿರಾಕಿ ಒಂದು ಹೆಬ್ಬೆರಳು ಎತ್ತುತ್ತಾರೆ. ಓದಿದೆ ಎಂದೋ, ಮಾಡಿ ಎಂದೋ? ಬಿಲ್ಲು ಕೊಡುವ ದಿನ ಅದು ಇತ್ಯರ್ಥವಾಗುವುದಾದರೆ ಯಾರಿಗೂ ನೆಮ್ಮದಿಯಿಲ್ಲ. ಹಣ, ಅಳತೆ, ತಾರೀಖು ಈ ಮೂರರಲ್ಲಿ ಒಂದಿದ್ದರೂ ಚಿಹ್ನೆಯನ್ನು ಉತ್ತರವಾಗಿ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರತಿ ಸಾಲಿಗೂ ಹೀಗೆ ಪ್ರಶ್ನೆ ಕೇಳುತ್ತಾ ಹೋದರೆ ಯಾವ ಗಿರಾಕಿಯೂ ತಾಳುವುದಿಲ್ಲ, ಅದೂ ನಿಜ. ಯಾವ ಅರ್ಥ ಇಟ್ಟುಕೊಂಡರೂ ನೀವು ಮಾಡುವುದು ಒಂದೇ ಕೆಲಸ ಎಂದಾದರೆ ಕೇಳುವುದು ಬೇಡ. "ಇವತ್ತು ಫೋಟೊ ಬಂದಿಲ್ಲ" ಎಂಬ ಸಾಲು ಸಿಟ್ಟಿನದೋ ನೆನಪಿಸಿದ್ದೋ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಫೋಟೊ ಕಳಿಸಿದರಾಯಿತು. ಸಿಟ್ಟು ಬಾಯಿಬಿಟ್ಟು ಹೇಳಿದಂತೆ ಇದ್ದಾಗಲೂ ಕೇಳಬಾರದು. "ಮೂರನೇ ಸಲ ಹೇಳ್ತಾ ಇದ್ದೀನಿ, ಬಾತ್‌ರೂಮಿನ ಇಳಿಜಾರು ಸರಿಯಿಲ್ಲ" ಎಂದವರಿಗೆ 'ಯಾವ ಅರ್ಥದಲ್ಲಿ ಹೇಳಿದ್ರಿ' ಎನ್ನುವುದು ಗಾಯಕ್ಕೆ ಉಪ್ಪು. ಅಲ್ಲಿ ಫೋನ್ ಮಾಡಬೇಕು, ಒಂದು ಬಕೆಟ್ ನೀರು ಸುರಿದು ಅದು ಎಲ್ಲಿ ನಿಲ್ಲುತ್ತದೆ ಎಂಬ ವಿಡಿಯೊ ಕಳಿಸಬೇಕು. ಒಂದೇ ಸಂಗತಿಯ ಬಗ್ಗೆ ಒಮ್ಮೆ ಕೇಳಿಯೂ ಉತ್ತರ ಮಸುಕಾಗಿಯೇ ಬಂದರೆ ಮತ್ತೆ ಬರೆಯುವುದರಲ್ಲಿ ಅರ್ಥವಿಲ್ಲ. ಬರಹದಲ್ಲಿ ಬಗೆಹರಿಯದ್ದು ಎರಡು ನಿಮಿಷದ ದನಿಯಲ್ಲಿ ಬಗೆಹರಿಯುತ್ತದೆ. ಕರೆಗೆ ಸಮಯ ಕೂಡಿಬರದಿದ್ದರೆ ವಾಯ್ಸ್ ನೋಟ್ ಕಳಿಸಬಹುದು, ಅವರಿಗೂ ದನಿಯಲ್ಲೇ ಉತ್ತರಿಸಲು ಹೇಳಬಹುದು. ಆಮೇಲೆ ತೀರ್ಮಾನವಾದದ್ದನ್ನು ಮಾತ್ರ ಒಂದು ಸಾಲಿನಲ್ಲಿ ಬರೆದು ಕಳಿಸಬೇಕು. ದನಿ ಅರ್ಥವಾಗುವುದಕ್ಕೆ, ಬರಹ ದಾಖಲೆಗೆ.

ಧಾಟಿ ಬದಲಾಗಿದೆಯೇ ಎಂದು ತಿಳಿಯಲು ಆ ಸಾಲನ್ನು ಬಿಡಿಯಾಗಿ ನೋಡುವುದಕ್ಕಿಂತ ಅದೇ ವ್ಯಕ್ತಿಯ ಹಳೆಯ ಹತ್ತು ಸಾಲುಗಳ ಪಕ್ಕದಲ್ಲಿಟ್ಟು ನೋಡುವುದು ಮೇಲು. ಸಂದೇಶದ ಕೊನೆಗೆ ಪೂರ್ಣವಿರಾಮ ಇಡುವುದನ್ನೇ ಗಮನಿಸಿ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 126 ವಿದ್ಯಾರ್ಥಿಗಳಿಗೆ ಚುಟುಕು ಉತ್ತರಗಳನ್ನು ತೋರಿಸಿದಾಗ, ಮೊಬೈಲ್ ಸಂದೇಶದ ಕೊನೆಗೆ ಪೂರ್ಣವಿರಾಮ ಇದ್ದರೆ ಅದು ಮನಸಾರೆ ಹೇಳಿದ್ದಲ್ಲ ಎಂದು ಅವರಿಗೆ ಅನಿಸಿತು. ಕೈಬರಹದ ಚೀಟಿಯಲ್ಲಿ ಅದೇ ಚುಕ್ಕಿ ಇದ್ದಾಗ ಹಾಗೆ ಅನಿಸಲಿಲ್ಲ. ಇದು ಕಾಲೇಜು ಹುಡುಗರ ಓದು. ನಿವೃತ್ತ ಮೇಷ್ಟರೊಬ್ಬರು ಮನೆ ಕಟ್ಟಿಸುತ್ತಿದ್ದರೆ ಅವರು ಪ್ರತಿ ವಾಕ್ಯಕ್ಕೂ ಚುಕ್ಕಿ ಇಡುತ್ತಾರೆ, ಅದು ಅವರು ಕಲಿತ ಕ್ರಮ. ಎಂದೂ ಚುಕ್ಕಿ ಇಡದವರು ಈವತ್ತು ಇಟ್ಟರೆ, 'ನಮಸ್ಕಾರ' ಎಂದು ಶುರುಮಾಡುವವರು ಅದನ್ನು ಬಿಟ್ಟರೆ, ಇಷ್ಟು ದಿನ ಕನ್ನಡದಲ್ಲಿ ಹರಟಿದವರು ಇದ್ದಕ್ಕಿದ್ದಂತೆ ಆಫೀಸಿನ ಇಂಗ್ಲಿಷಿಗೆ ಹೊರಳಿದರೆ ಆಗ ಏನೋ ಬದಲಾಗಿದೆ. ಬದಲಾದದ್ದು ನಿಮ್ಮ ಮೇಲಿನ ಅಭಿಪ್ರಾಯವೇ ಎಂಬುದು ಅಷ್ಟರಿಂದ ಗೊತ್ತಾಗುವುದಿಲ್ಲ. ಕಾರು ಓಡಿಸುತ್ತಿರಬಹುದು, ಆಫೀಸಿನ ಕಂಪ್ಯೂಟರಿನಲ್ಲಿ ಕನ್ನಡದ ಕೀಲಿಮಣೆ ಇಲ್ಲದಿರಬಹುದು, ಫೋನ್ ಮಗಳ ಕೈಯಲ್ಲಿರಬಹುದು. ಬದಲಾವಣೆ ಕಂಡರೆ ಕೇಳಲು ಕಾರಣ ಸಿಕ್ಕಿತು ಎಂದಷ್ಟೇ ಅರ್ಥ, ತೀರ್ಪು ಸಿಕ್ಕಿತು ಎಂದಲ್ಲ.

ಕೇಳುವವರ ಕಡೆಯಿಂದಲೂ ಇದನ್ನು ಮುಕ್ಕಾಲು ಪಾಲು ತಪ್ಪಿಸಬಹುದು. ದೂರದಲ್ಲಿ ಕೂತು ಮನೆ ಕಟ್ಟಿಸುತ್ತಿರುವವರಲ್ಲಿ, ಹೊಲಿಗೆಗೆ ಬಟ್ಟೆ ಕೊಟ್ಟವರಲ್ಲಿ, ಮದುವೆ ಪತ್ರಿಕೆಯ ಪ್ರೂಫ್ ನೋಡುತ್ತಿರುವವರಲ್ಲಿ ನನ್ನ ಒಂದೇ ಕೋರಿಕೆ: ಫೋಟೊ ನೋಡಿ ಪ್ರಶ್ನೆ ಹಾಕುವಾಗ, ಯಾಕೆ ಕೇಳುತ್ತಿದ್ದೀರಿ ಎಂಬುದನ್ನೂ ಅದೇ ಸಾಲಿಗೆ ಸೇರಿಸಿ. 'ಕಟ್ಟೆ ಇಷ್ಟೇ ಎತ್ತರಾನಾ, ಡಿಶ್‌ವಾಶರ್ ತಗೋಬೇಕು' ಎಂದು ಬರೆದಿದ್ದರೆ ಆ ರಾತ್ರಿ ಹತ್ತು ಗಂಟೆಗೇ ನಿಮಗೆ ಸರಿಯಾದ ಅಳತೆ ಸಿಕ್ಕಿರುತ್ತಿತ್ತು.